ಗಿರಾಕಿ ಜರ್ಮನಿಯಲ್ಲಿ, ಕಾಸ್ಟಿಂಗ್ ಉದ್ಯಮಬಾಗದಲ್ಲಿ: ಸೇವೆಯ ಮೇಲಿನ ತೆರಿಗೆ ಯಾವ ದೇಶಕ್ಕೆ?

ಬೆಳಗಾವಿಯ ಉದ್ಯಮಬಾಗದ ಒಂದು ಸಣ್ಣ ವರ್ಕ್‌ಶಾಪಿನ ಮಾಲೀಕರು ಮೂರು ಬಿಲ್ಲು ಹಿಡಿದುಕೊಂಡು ನನ್ನ ಆಫೀಸಿಗೆ ಬಂದಿದ್ದರು. ಮೂರೂ ಒಂದೇ ಜರ್ಮನ್ ಕಂಪನಿಗೆ, ಮೂರೂ ಒಂದೇ ತಿಂಗಳವು. "ಸರ್ರ, ಗಿರಾಕಿ ಜರ್ಮನಿಯಾಂವ, ರೊಕ್ಕ ಯುರೋದಾಗ ಬಂದೈತಿ. ಮೂರಕ್ಕೂ ಎಕ್ಸ್‌ಪೋರ್ಟ್ ಅಂತ ಬರದ್ರ ಮುಗೀತಲ್ರಿ?" ಅಂದರು.

"ಮೂರರಾಗ ಎರಡು ಎಕ್ಸ್‌ಪೋರ್ಟ್ ರೀ. ನಡುವಿಂದು ಅಲ್ಲ" ಅಂದಾಗ ಅವರಿಗೆ ನಂಬಿಕೆ ಬರಲಿಲ್ಲ. ಯಾಕೆ ಅಲ್ಲ ಎಂಬುದನ್ನು ಅವತ್ತು ಹೇಳಿದಂತೆಯೇ ಇಲ್ಲಿ ಹೆಜ್ಜೆ ಹೆಜ್ಜೆಯಾಗಿ ಬರೆಯುತ್ತಿದ್ದೇನೆ. ಲೆಕ್ಕ ಸುಲಭವಾಗಲೆಂದು ಮೊತ್ತಗಳನ್ನು ದುಂಡಗೆ ಮಾಡಿದ್ದೇನೆ, ಒಂದು ಯುರೋಗೆ 100 ರೂಪಾಯಿ ಹಿಡಿದಿದ್ದೇನೆ.

ಮೊದಲ ಬಿಲ್ಲು 4,000 ಯುರೋದ್ದು. ಹೈಡ್ರಾಲಿಕ್ ಮ್ಯಾನಿಫೋಲ್ಡ್ ಒಂದರ ತ್ರೀಡಿ ಮಾಡೆಲ್ ಮತ್ತು ಡ್ರಾಯಿಂಗ್ ಮಾಡಿಕೊಟ್ಟದ್ದು. ಎರಡನೆಯದು 1,500 ಯುರೋ. ಜರ್ಮನ್ ಕಂಪನಿ ಬೆಳಗಾವಿಯದೇ ಒಂದು ಫೌಂಡ್ರಿಯಿಂದ ಕೊಂಡ 500 ಕಾಸ್ಟಿಂಗ್‌ಗಳನ್ನು ಹಡಗಿಗೆ ಹೋಗುವ ಮುಂಚೆ ಅಳತೆ ಮಾಡಿ ರಿಪೋರ್ಟ್ ಕೊಟ್ಟದ್ದು. ಮೂರನೆಯದು 2,500 ಯುರೋ. ಜರ್ಮನಿಯಿಂದ ಬಂದ ಕೆಟ್ಟ ಸಿಲಿಂಡರ್‌ಗಳನ್ನು ರಿಪೇರಿ ಮಾಡಿ ವಾಪಸ್ ಕಳಿಸಿದ್ದು.

ಹೆಜ್ಜೆ 1: ಗಿರಾಕಿ ನಿಜವಾಗಿ ಯಾರು ಎಂದು ಗೊತ್ತುಮಾಡಿಕೊಳ್ಳಿ

ಸರಕು ಎಲ್ಲಿಗೆ ಹೋಯಿತೆಂದು ಕಣ್ಣಿಂದ ನೋಡಬಹುದು. ಸೇವೆಯನ್ನು ಹಾಗೆ ನೋಡಲಾಗದು. ಅದಕ್ಕೇ ಕಾನೂನು ಪ್ರತಿ ಸೇವೆಗೂ ಒಂದು ಜಾಗವನ್ನು ತಾನೇ ನಿಗದಿ ಮಾಡುತ್ತದೆ. ಅದನ್ನೇ ಪೂರೈಕೆಯ ಸ್ಥಳ, ನಮ್ಮ ಆಡುಮಾತಿನಲ್ಲಿ ಪ್ಲೇಸ್ ಆಫ್ ಸಪ್ಲೈ ಅನ್ನುವುದು. ಆ ಜಾಗ ಯಾವ ದೇಶದಲ್ಲಿ ಬಿತ್ತೋ ತೆರಿಗೆ ಆ ದೇಶದ್ದು.

ಭಾರತದಲ್ಲಿ ಇದು 2017ರ ಐಜಿಎಸ್‌ಟಿ, ಅಂದರೆ ಸಮಗ್ರ ಸರಕು ಮತ್ತು ಸೇವಾ ತೆರಿಗೆ, ಕಾಯ್ದೆಯಲ್ಲಿದೆ. ಸೇವೆ ಕೊಡುವವರು, ಪಡೆಯುವವರು ಇಬ್ಬರೂ ಭಾರತದಲ್ಲಿದ್ದರೆ ಕಲಂ 12. ಒಬ್ಬರು ಹೊರಗಿದ್ದರೂ ಕಲಂ 13. ಹಾಗಾಗಿ ಮೊದಲು ನೋಡಬೇಕಾದದ್ದು ಸೇವೆ ಪಡೆದವರು ಯಾರು ಎಂಬುದು. ಕಾಯ್ದೆಯ ಲೆಕ್ಕದಲ್ಲಿ, ಹಣ ಕೊಡುವ ಹೊಣೆ ಯಾರ ಮೇಲಿದೆಯೋ ಅವರೇ ಸೇವೆ ಪಡೆದವರು. ಮೇಲ್ ಯಾರು ಬರೆದರು, ಡ್ರಾಯಿಂಗ್ ಯಾರು ಬಳಸಿದರು ಎಂಬುದರಿಂದ ಇದು ತೀರ್ಮಾನವಾಗದು.

ಬೆಳಗಾವಿಯಲ್ಲಿ ಇಲ್ಲೇ ಹೆಚ್ಚಾಗಿ ಎಡವುತ್ತಾರೆ. ಎಷ್ಟೋ ಯುರೋಪಿನ ಕಂಪನಿಗಳಿಗೆ ಪುಣೆಯಲ್ಲಿ ಅಂಗಸಂಸ್ಥೆ ಇರುತ್ತದೆ. ಮಾತುಕತೆಯೆಲ್ಲ ಜರ್ಮನಿಯ ಎಂಜಿನಿಯರ್ ಜೊತೆ ನಡೆಯುತ್ತದೆ, ಪರ್ಚೇಸ್ ಆರ್ಡರ್ ಮಾತ್ರ ಪುಣೆಯಿಂದ ಬರುತ್ತದೆ. ಹಾಗಾದರೆ ಗಿರಾಕಿ ಪುಣೆಯವರು. ಕಲಂ 12 ಹಿಡಿದು ಮಹಾರಾಷ್ಟ್ರಕ್ಕೆ ಐಜಿಎಸ್‌ಟಿ ಹಾಕಿ ಬಿಲ್ಲು ಮಾಡಬೇಕು, ರಫ್ತಿನ ಮಾತೇ ಇಲ್ಲ. ಆದ್ದರಿಂದ ಪರ್ಚೇಸ್ ಆರ್ಡರಿನ ಮೇಲೆ ಇರುವ ಹೆಸರು, ವಿಳಾಸ, ಹಣ ಬರುವ ಖಾತೆ, ಮೂರನ್ನೂ ತಾಳೆ ನೋಡಿ. ನಮ್ಮ ಮಾಲೀಕರ ಮೂರೂ ಆರ್ಡರ್ ನೇರ ಜರ್ಮನಿಯವೇ ಆಗಿದ್ದವು.

ಹೆಜ್ಜೆ 2: ನಿಮ್ಮ ಕೈಗೆ ವಸ್ತು ಬಂದಿತ್ತೇ?

ಕಲಂ 13 ಓದುವಾಗ ಬಹಳ ಜನ 13(2)ರಿಂದ ಶುರುಮಾಡುತ್ತಾರೆ. ಅಲ್ಲಿರುವುದು ಸಾಮಾನ್ಯ ನಿಯಮ: ಸೇವೆ ಪಡೆದವರು ಎಲ್ಲಿದ್ದಾರೋ ಅದೇ ಪೂರೈಕೆಯ ಸ್ಥಳ. ಗಿರಾಕಿ ಜರ್ಮನಿ, ಸ್ಥಳ ಜರ್ಮನಿ, ಮುಗಿಯಿತು ಎನಿಸುತ್ತದೆ. ಆದರೆ ಆ ನಿಯಮ ಮುಂದಿನ ಉಪಕಲಂಗಳಲ್ಲಿ ಹೇಳಿರದ ಸೇವೆಗಳಿಗೆ ಮಾತ್ರ. ಅಂದರೆ ಓದಬೇಕಾದ ಕ್ರಮ ತಿರುವುಮುರುವು. ಮೊದಲು 13(3)ರಿಂದ ಕೆಳಗೆ ಎಲ್ಲವನ್ನೂ ನೋಡಿ, ಯಾವುದರಲ್ಲೂ ಸಿಕ್ಕಿಬೀಳದಿದ್ದರೆ ಮಾತ್ರ 13(2)ಕ್ಕೆ ಬರಬೇಕು.

ವರ್ಕ್‌ಶಾಪಿನವರಿಗೆ ಮುಖ್ಯವಾದದ್ದು 13(3)(ಎ). ಗಿರಾಕಿ, ಅಥವಾ ಗಿರಾಕಿಯ ಪರವಾಗಿ ಇನ್ನೊಬ್ಬರು, ವಸ್ತುವನ್ನು ನಿಮ್ಮ ಕೈಗೆ ಒಪ್ಪಿಸಿದರೆ ಮಾತ್ರ ಆ ಸೇವೆ ಮಾಡಲು ಆಗುವಂತಿದ್ದರೆ, ಕೆಲಸ ಎಲ್ಲಿ ನಡೆಯಿತೋ ಅದೇ ಪೂರೈಕೆಯ ಸ್ಥಳ. ಗಿರಾಕಿ ಎಲ್ಲಿದ್ದಾನೆ, ಹಣ ಯಾವ ಕರೆನ್ಸಿಯಲ್ಲಿ ಬಂತು ಎಂಬುದು ಇಲ್ಲಿ ಲೆಕ್ಕಕ್ಕಿಲ್ಲ.

ಈಗ ಎರಡನೆಯ ಬಿಲ್ಲು ನೋಡಿ. 500 ಕಾಸ್ಟಿಂಗ್ ಎದುರಿಗೆ ಇಲ್ಲದೆ ಅವುಗಳ ಅಳತೆ ತೆಗೆಯಲಾಗದು. ಅವನ್ನು ಕೊಟ್ಟದ್ದು ಫೌಂಡ್ರಿ, ಆದರೆ ಕೊಟ್ಟದ್ದು ಜರ್ಮನ್ ಕಂಪನಿಯ ಸೂಚನೆಯ ಮೇರೆಗೆ, ಅದರ ಪರವಾಗಿ. ಅಳತೆ ನಡೆದದ್ದು ಉದ್ಯಮಬಾಗದಲ್ಲಿ. ಹಾಗಾಗಿ ಸ್ಥಳ ಬೆಳಗಾವಿ. 1,50,000 ರೂಪಾಯಿಯ ಮೇಲೆ 18 ಪ್ರತಿಶತ ಜಿಎಸ್‌ಟಿ, ಅಂದರೆ 27,000 ರೂಪಾಯಿ ನಮ್ಮ ಸರ್ಕಾರಕ್ಕೆ.

ಬಿಲ್ಲು ಕಳಿಸಿ, 1,500 ಯುರೋ ಬಂದು ಎಲ್ಲ ಮುಗಿದ ಮೇಲೆ ತಪ್ಪು ಗೊತ್ತಾದರೆ ತೆರಿಗೆಯನ್ನು ಬಂದ ಹಣದೊಳಗಿಂದಲೇ ತೆಗೆಯಬೇಕಾಗುತ್ತದೆ. ಗಿರಾಕಿ ಹೆಚ್ಚಿಗೆ ಕೊಡಲು ಒಪ್ಪದಿದ್ದರೆ, ಬಂದದ್ದು ತೆರಿಗೆ ಸೇರಿದ ಮೊತ್ತ ಎಂದು ಹಿಡಿದು 118ರಲ್ಲಿ 18 ಪಾಲು, ಅಂದರೆ ಸುಮಾರು 22,881 ರೂಪಾಯಿ ಕಟ್ಟಬೇಕು. ತಡವಾದ್ದಕ್ಕೆ ವರ್ಷಕ್ಕೆ 18 ಪ್ರತಿಶತ ಬಡ್ಡಿ ಬೇರೆ. ಸಣ್ಣ ವರ್ಕ್‌ಶಾಪಿಗೆ ಇನ್‌ಸ್ಪೆಕ್ಷನ್ನಿನ ಲಾಭವೆಲ್ಲ ಇದರಲ್ಲೇ ಹೋಗುತ್ತದೆ.

ವಿಜಯಪುರದ ಒಣದ್ರಾಕ್ಷಿ ಮಾದರಿಯನ್ನು ದುಬೈ ಖರೀದಿದಾರರು ನೇರವಾಗಿ ಇಲ್ಲಿಯ ಲ್ಯಾಬಿನಲ್ಲಿ ಪರೀಕ್ಷೆ ಮಾಡಿಸಿದರೂ ಇದೇ ನಿಯಮ. ಮಾದರಿ ಲ್ಯಾಬಿಗೆ ಬರಲೇಬೇಕು, ಪರೀಕ್ಷೆ ಇಲ್ಲೇ ನಡೆಯಬೇಕು, ಹಾಗಾಗಿ ಸ್ಥಳವೂ ಇಲ್ಲೇ.

ಇದೇ ಕಲಮಿನಲ್ಲಿ ಇನ್ನೆರಡು ತಿರುವುಗಳಿವೆ. ವಸ್ತು ಜರ್ಮನಿಯಲ್ಲೇ ಇದ್ದು, ನೀವು ಇಲ್ಲಿ ಕೂತು ಇಂಟರ್‌ನೆಟ್ ಮೂಲಕ ಅದರ ಮೇಲೆ ಕೆಲಸ ಮಾಡಿದರೆ, ಉದಾಹರಣೆಗೆ ಅಲ್ಲಿಯ ಮಷೀನಿನ ಕಂಟ್ರೋಲರ್ ಸರಿಪಡಿಸಿದರೆ, ವಸ್ತು ಇರುವ ಜಾಗವೇ ಸ್ಥಳ, ಅಂದರೆ ಜರ್ಮನಿ. ಇನ್ನೊಂದು 13(6)ರಲ್ಲಿದೆ. ಒಂದೇ ಇನ್‌ಸ್ಪೆಕ್ಷನ್ ಅರ್ಧ ಬೆಳಗಾವಿಯಲ್ಲಿ, ಅರ್ಧ ಜರ್ಮನಿಯಲ್ಲಿ ನಡೆದರೆ ಪಾಲು ಹಾಕುವಂತಿಲ್ಲ, ಪೂರ್ತಿ ಸೇವೆಗೂ ಸ್ಥಳ ಭಾರತವೇ. ಅಲ್ಲಿ ಹೋಗಿ ಮಾಡುವ ಕೆಲಸ ನಿಜಕ್ಕೂ ಬೇರೆಯೇ ಆಗಿದ್ದರೆ ಅದಕ್ಕೆ ಬೇರೆ ಆರ್ಡರ್ ತೆಗೆದುಕೊಳ್ಳಿ.

ಹೆಜ್ಜೆ 3: ವಸ್ತು ಹೊರದೇಶದಿಂದ ಬಂದು ಹೊರದೇಶಕ್ಕೇ ಹೋಯಿತೇ?

ಮೂರನೆಯ ಬಿಲ್ಲಿನ ಸಿಲಿಂಡರ್‌ಗಳೂ ಕೈಗೆ ಬಂದಿದ್ದವು, ಕೆಲಸವೂ ಇಲ್ಲೇ ಆಯಿತು. ಆದರೆ ಅವುಗಳಿಗೆ ವಿನಾಯಿತಿ ಇದೆ. ರಿಪೇರಿಗಾಗಲಿ, ಬೇರೆ ಯಾವುದೇ ಸಂಸ್ಕರಣೆ ಅಥವಾ ಪ್ರಕ್ರಿಯೆಗಾಗಲಿ ತಾತ್ಕಾಲಿಕವಾಗಿ ಆಮದಾಗಿ, ಆ ಕೆಲಸಕ್ಕೆ ಬೇಕಾದಷ್ಟು ಬಿಟ್ಟು ಭಾರತದಲ್ಲಿ ಬೇರೆ ಬಳಕೆಯಾಗದೆ ರಫ್ತಾದ ವಸ್ತುವಿಗೆ 13(3)(ಎ) ಹತ್ತುವುದಿಲ್ಲ. ಆಗ ಸಾಮಾನ್ಯ ನಿಯಮಕ್ಕೆ ಮರಳುತ್ತೇವೆ, ಸ್ಥಳ ಜರ್ಮನಿ. ಮೊದಲು ಇದು ರಿಪೇರಿಗೆ ಮಾತ್ರ ಇತ್ತು, 2019ರ ಫೆಬ್ರವರಿ 1ರಿಂದ ಸಂಸ್ಕರಣೆ, ಪ್ರಕ್ರಿಯೆಗಳೂ ಸೇರಿದವು. ಹೊರಗಿನಿಂದ ಬಂದ ಬಿಡಿಭಾಗಕ್ಕೆ ಹೀಟ್ ಟ್ರೀಟ್‌ಮೆಂಟ್, ಪ್ಲೇಟಿಂಗ್ ಮಾಡುವವರಿಗೆ ಆ ತಿದ್ದುಪಡಿ ದೊಡ್ಡ ಅನುಕೂಲ.

ಎರಡನೆಯ ಬಿಲ್ಲಿಗೂ ಮೂರನೆಯದಕ್ಕೂ ಇರುವ ವ್ಯತ್ಯಾಸ ಇಷ್ಟೇ: ಸಿಲಿಂಡರ್ ಜರ್ಮನಿಯಿಂದ ಬಂದದ್ದು, ಕಾಸ್ಟಿಂಗ್ ಬೆಳಗಾವಿಯಲ್ಲೇ ಹುಟ್ಟಿದ್ದು. ಕಾಸ್ಟಿಂಗ್ ಕೊನೆಗೆ ಜರ್ಮನಿಗೇ ಹೋದರೂ ಅದು ಆಮದಾದ ವಸ್ತುವಲ್ಲ, ಆದ್ದರಿಂದ ವಿನಾಯಿತಿ ಇಲ್ಲ. ಮಾಲೀಕರಿಗೆ ಇದು ಅನ್ಯಾಯ ಎನಿಸಿತು. ನನಗೂ ಹಾಗೇ ಎನಿಸುತ್ತದೆ, ಆದರೆ ಕಲಮಿನ ಮಾತು ಸ್ಪಷ್ಟವಾಗಿದೆ.

ಈ ವಿನಾಯಿತಿ ನಿಲ್ಲುವುದು ಕಾಗದದ ಮೇಲೆ. ಒಳಬಂದಾಗಿನ ಬಿಲ್ ಆಫ್ ಎಂಟ್ರಿ, ಹೊರಹೋದಾಗಿನ ಶಿಪ್ಪಿಂಗ್ ಬಿಲ್, ಎರಡರಲ್ಲೂ ಅದೇ ಸೀರಿಯಲ್ ನಂಬರ್ ಇರಬೇಕು. ಐದು ಸಿಲಿಂಡರ್ ಬಂದು ನಾಲ್ಕೇ ವಾಪಸ್ ಹೋಗಿ, ಒಂದು ಗುಜರಿ ಎಂದು ಮೂಲೆಯಲ್ಲಿ ಉಳಿದರೆ, ಆ ಒಂದರ ಬಗ್ಗೆ ಆಡಿಟ್ಟಿನಲ್ಲಿ ಪ್ರಶ್ನೆ ಬಂದೇ ಬರುತ್ತದೆ.

ಹೆಜ್ಜೆ 4: ಮಾದರಿ ಬಂದಿದ್ದರೂ ಮಾರಿದ್ದು ಡ್ರಾಯಿಂಗ್ ಆಗಿದ್ದರೆ

ಮೊದಲ ಬಿಲ್ಲು ಸುಲಭವೆನಿಸಿತ್ತು, ಅಷ್ಟರಲ್ಲಿ ಮಾಲೀಕರು ಒಂದು ಮಾತು ಸೇರಿಸಿದರು: ಜರ್ಮನಿಯವರು ಹಳೆಯ ಮ್ಯಾನಿಫೋಲ್ಡ್ ಒಂದನ್ನು ಮಾದರಿಗೆಂದು ಕಳಿಸಿದ್ದರಂತೆ. ವಸ್ತು ಕೈಗೆ ಬಂತಲ್ಲ, ಹಾಗಾದರೆ 13(3)(ಎ) ಹತ್ತುತ್ತದೆಯೇ?

ಇಂಥದೇ ಪ್ರಶ್ನೆಗೆ ಕೇಂದ್ರದ ಪರೋಕ್ಷ ತೆರಿಗೆ ಮಂಡಳಿಯಾದ ಸಿಬಿಐಸಿ 2019ರ ಅಕ್ಟೋಬರ್ 11ರಂದು 118/37/2019 ಸಂಖ್ಯೆಯ ಸುತ್ತೋಲೆಯಲ್ಲಿ ಉತ್ತರ ಕೊಟ್ಟಿದೆ. ಎಲೆಕ್ಟ್ರಾನಿಕ್ಸ್ ಮತ್ತು ಸೆಮಿಕಂಡಕ್ಟರ್ ಕ್ಷೇತ್ರದಲ್ಲಿ ಹೊರದೇಶದ ಕಂಪನಿಗೆ ಸಾಫ್ಟ್‌ವೇರ್ ಅಥವಾ ವಿನ್ಯಾಸ ಮಾಡಿಕೊಡುವವರು, ಅಲ್ಲಿಂದ ಬಂದ ಮಾದರಿ ಹಾರ್ಡ್‌ವೇರ್ ಮೇಲೆ ತಮ್ಮ ಕೆಲಸವನ್ನು ಪರೀಕ್ಷಿಸಿದರೂ, ಮುಖ್ಯ ಸೇವೆ ವಿನ್ಯಾಸವೇ, ಪರೀಕ್ಷೆ ಅದಕ್ಕೆ ಪೂರಕ. ಆದ್ದರಿಂದ 13(2)ರ ಪ್ರಕಾರ ಗಿರಾಕಿಯ ಜಾಗವೇ ಸ್ಥಳ ಎಂದು ಅದು ಹೇಳುತ್ತದೆ.

ಸುತ್ತೋಲೆ ಆ ಕ್ಷೇತ್ರದ್ದು, ಹೈಡ್ರಾಲಿಕ್ಸಿನದಲ್ಲ. ಆದರೆ ಅದರ ತರ್ಕ ಇಲ್ಲಿಗೂ ಒಪ್ಪುತ್ತದೆ ಎಂಬುದು ನನ್ನ ಅಭಿಪ್ರಾಯ. ಗಿರಾಕಿ 4,000 ಯುರೋ ಕೊಟ್ಟದ್ದು ಯಾವುದಕ್ಕೆ ಎಂದು ಕೇಳಿಕೊಳ್ಳಿ. ಆ ಒಂದು ಹಳೆಯ ತುಣುಕಿನ ಸ್ಥಿತಿಗತಿ ತಿಳಿಯಲು ಕೊಟ್ಟಿದ್ದರೆ ಅದು ವಸ್ತುವಿನ ಮೇಲಿನ ಸೇವೆ. ಹೊಸ ಡ್ರಾಯಿಂಗಿಗೆ ಕೊಟ್ಟಿದ್ದರೆ ಅದು ವಿನ್ಯಾಸ. ಆರ್ಡರಿನ ಒಕ್ಕಣೆಯಲ್ಲೂ ಅದು ಕಾಣಬೇಕು. "ಮಾದರಿಯನ್ನು ಅಳೆಯುವುದು ಮತ್ತು ಡ್ರಾಯಿಂಗ್" ಎಂದು ಬರೆಸಿಕೊಂಡರೆ ನೀವೇ ತೊಡಕು ತಂದುಕೊಂಡಂತೆ.

ಇದೇ ಕಾರಣಕ್ಕೆ ಮೂರೂ ಕೆಲಸಗಳನ್ನು ಸೇರಿಸಿ 8,000 ಯುರೋದ ಒಂದೇ ಬಿಲ್ಲು ಮಾಡಬೇಡಿ. ಬೇರೆ ಬೇರೆ ಕೆಲಸ, ಬೇರೆ ಬೇರೆ ಸ್ಥಳ. ಒಂದೇ ಸಾಲಿನಲ್ಲಿ ಬರೆದರೆ ಯಾವ ಪಾಲು ರಫ್ತು ಎಂದು ತೋರಿಸುವ ಭಾರ ನಿಮ್ಮ ಮೇಲೆ ಬೀಳುತ್ತದೆ.

ಹೆಜ್ಜೆ 5: ದಲ್ಲಾಲಿ ಕೆಲಸವೇ ಎಂದು ನೋಡಿ

ಜರ್ಮನ್ ಕಂಪನಿಗೆ ಇಲ್ಲಿಯ ಫೌಂಡ್ರಿ ಹುಡುಕಿಕೊಟ್ಟು ಕಮಿಷನ್ ಪಡೆದರೆ ಅದು ಮಧ್ಯವರ್ತಿ ಸೇವೆ. 13(8)(ಬಿ) ಜಾರಿಯಲ್ಲಿರುವಷ್ಟು ಕಾಲ ಅದಕ್ಕೆ ಸ್ಥಳ ಮಧ್ಯವರ್ತಿ ಇರುವ ಜಾಗ, ಅಂದರೆ ಬೆಳಗಾವಿ. ಈ ಕಲಮನ್ನು ತೆಗೆದುಹಾಕಬೇಕೆಂದು ಜಿಎಸ್‌ಟಿ ಮಂಡಳಿ 2025ರ ಸೆಪ್ಟೆಂಬರ್ 3ರ 56ನೇ ಸಭೆಯಲ್ಲಿ ಶಿಫಾರಸು ಮಾಡಿತು. ಆದರೆ ಶಿಫಾರಸಿನಿಂದಲೇ ಕಲಂ ಹೋಗುವುದಿಲ್ಲ, ಕಾಯ್ದೆ ತಿದ್ದುಪಡಿಯಾಗಿ ಜಾರಿಯಾದ ದಿನದಿಂದ ಹೋಗುತ್ತದೆ. ಹಾಗಾಗಿ ನಿಮ್ಮ ಕಮಿಷನ್ ಬಿಲ್ಲಿನ ದಿನಾಂಕದಂದು ಯಾವ ನಿಯಮ ಇತ್ತು ಎಂದು ನೋಡಿಯೇ ತೀರ್ಮಾನ ಮಾಡಿ. ನೀವೇ ಸ್ವಂತವಾಗಿ ಸೇವೆ ಕೊಟ್ಟರೆ, ಉದಾಹರಣೆಗೆ ಡ್ರಾಯಿಂಗ್ ಮಾಡಿದರೆ, ನೀವು ಮಧ್ಯವರ್ತಿಯಲ್ಲ.

ಹೆಜ್ಜೆ 6: ಈಗ ಜರ್ಮನಿಯ ಕಡೆಯಿಂದ ನೋಡಿ

ನಮ್ಮ ಕಾಯ್ದೆ ಏನು ಹೇಳುತ್ತದೆ ಎಂದು ತಿಳಿದರೆ ಅರ್ಧ ಕೆಲಸವಷ್ಟೇ ಆಯಿತು. ಜರ್ಮನಿ ತನ್ನ ನಿಯಮವನ್ನು ತಾನೇ ಓದುತ್ತದೆ, ನಮ್ಮದನ್ನು ಕೇಳುವುದಿಲ್ಲ.

ಐರೋಪ್ಯ ಒಕ್ಕೂಟದ ವ್ಯಾಟ್ ನಿರ್ದೇಶನ 2006/112ರ 44ನೇ ವಿಧಿಯಂತೆ, ಒಂದು ಉದ್ಯಮ ಇನ್ನೊಂದು ಉದ್ಯಮಕ್ಕೆ ಸೇವೆ ಕೊಟ್ಟರೆ ಸ್ಥಳ ಗಿರಾಕಿಯ ಜಾಗ. 2010ರಿಂದ ವಸ್ತುವಿನ ಮೇಲಿನ ಕೆಲಸಕ್ಕೂ ಉದ್ಯಮಗಳ ನಡುವೆ ಇದೇ ನಿಯಮ. ಹಾಗಾಗಿ ಈ ಸಾಮಾನ್ಯ ನಿಯಮದಂತೆ ನಮ್ಮ ಮೂರೂ ಬಿಲ್ಲುಗಳ ಸ್ಥಳ ಜರ್ಮನಿಯೇ. ಆದರೆ ವಸ್ತುವಿನ ಮೇಲಿನ ಕೆಲಸ ಅಥವಾ ಪರಿಶೀಲನೆ ಒಕ್ಕೂಟದ ಹೊರಗೇ ಬಳಕೆಯಾದರೆ ಜರ್ಮನಿಯ ಕಾಯ್ದೆ ಅದನ್ನು ಹೊರಗಿನದೆಂದೇ ಎಣಿಸುತ್ತದೆ, ಹಾಗಾಗಿ ಎರಡನೆಯ ಮತ್ತು ಮೂರನೆಯ ಬಿಲ್ಲಿನ ಬಗ್ಗೆ ಗಿರಾಕಿಯಿಂದ ಖಚಿತಪಡಿಸಿಕೊಳ್ಳಿ. ಸ್ಥಳ ಜರ್ಮನಿ ಎಂದಾದಾಗ ತೆರಿಗೆ ಕಟ್ಟುವವರು ನೀವಲ್ಲ, 196ನೇ ವಿಧಿಯಂತೆ ಗಿರಾಕಿಯೇ ರಿವರ್ಸ್ ಚಾರ್ಜ್‌ನಲ್ಲಿ ತೋರಿಸುತ್ತಾರೆ. 4,000 ಯುರೋ ಡ್ರಾಯಿಂಗಿಗೆ ಅವರು 19 ಪ್ರತಿಶತದಂತೆ 760 ಯುರೋ ಬಾಕಿ ಎಂದು ಬರೆದು, ಪೂರ್ಣ ಕ್ರೆಡಿಟ್ ಹಕ್ಕಿರುವ ಉದ್ಯಮವಾದರೆ ಅದೇ ರಿಟರ್ನಿನಲ್ಲಿ 760 ಯುರೋ ಕ್ರೆಡಿಟ್ ತೆಗೆದುಕೊಳ್ಳುತ್ತಾರೆ. ಕೈಯಿಂದ ಹಣ ಹೋಗುವುದಿಲ್ಲ.

ಜರ್ಮನಿ ಸಾಮಾನ್ಯ ನಿಯಮವನ್ನೇ ಹಿಡಿದರೆ, ಮೊದಲ ಮತ್ತು ಮೂರನೆಯ ಬಿಲ್ಲಿನಲ್ಲಿ ಎರಡೂ ದೇಶಗಳ ಉತ್ತರ ಒಂದೇ: ಜರ್ಮನಿ. ಎರಡನೆಯದರಲ್ಲಿ ಭಾರತ "ಬೆಳಗಾವಿ" ಅನ್ನುತ್ತದೆ, ಜರ್ಮನಿ "ಜರ್ಮನಿ" ಅನ್ನುತ್ತದೆ. ಒಂದೇ ಸೇವೆಗೆ ಎರಡು ತೆರಿಗೆ. ಜರ್ಮನಿಯ 285 ಯುರೋ ಕ್ರೆಡಿಟ್ಟಿನಲ್ಲಿ ಸರಿಹೋಗುತ್ತದೆ. ಆದರೆ ನಮ್ಮ 27,000 ರೂಪಾಯಿ ಜರ್ಮನಿಯ ತೆರಿಗೆಯಲ್ಲ, ಅದನ್ನು ಗಿರಾಕಿ ಅಲ್ಲಿಯ ರಿಟರ್ನಿನಲ್ಲಿ ಕ್ರೆಡಿಟ್ ಆಗಿ ಹಾಕುವಂತಿಲ್ಲ. ಇಲ್ಲಿ ಅವರಿಗೆ ನೋಂದಣಿ ಇಲ್ಲ, ಹಾಗಾಗಿ ಇಲ್ಲೂ ಕ್ರೆಡಿಟ್ ಸಿಗದು. ಅದು ಅಪ್ಪಟ ಖರ್ಚಾಗಿ ಉಳಿಯುತ್ತದೆ.

ಜರ್ಮನ್ ಗಿರಾಕಿ ಉದ್ಯಮವೇ ಎಂಬುದಕ್ಕೆ ಆಧಾರ ಇಟ್ಟುಕೊಳ್ಳಿ. ಅವರ ವ್ಯಾಟ್ ನಂಬರ್ `DE` ಎಂದು ಶುರುವಾಗಿ ಒಂಬತ್ತು ಅಂಕಿ ಇರುತ್ತದೆ. ಐರೋಪ್ಯ ಆಯೋಗದ `VIES` ತಾಣದಲ್ಲಿ ಹಾಕಿ ನೋಡಿ, ಬಂದ ಪುಟವನ್ನು ಆ ದಿನದ ದಿನಾಂಕದೊಂದಿಗೆ ಉಳಿಸಿ. ಗಿರಾಕಿ ಖಾಸಗಿ ವ್ಯಕ್ತಿಯಾಗಿದ್ದರೆ ನಿಯಮಗಳೇ ಬದಲಾಗುತ್ತವೆ. ಅದರಲ್ಲೂ ನೀವು ರೆಡಿಮೇಡ್ ಡ್ರಾಯಿಂಗ್ ಫೈಲುಗಳನ್ನು ತಾನಾಗಿಯೇ ಡೌನ್‌ಲೋಡ್ ಆಗುವಂತೆ ಮಾರಿದರೆ, ಒಕ್ಕೂಟದ ಹೊರಗಿನ ಮಾರಾಟಗಾರರಿಗೆ ಮೊದಲ ಯುರೋದಿಂದಲೇ ಗಿರಾಕಿಯ ದೇಶದ ವ್ಯಾಟ್ ಕಟ್ಟುವ ಹೊಣೆ ಬರುತ್ತದೆ.

ಹೆಜ್ಜೆ 7: ಎರಡು ತೆರಿಗೆ ತಪ್ಪಿಸಲು ಗುತ್ತಿಗೆಯನ್ನು ಮೊದಲೇ ಸರಿಯಾಗಿ ಕಟ್ಟಿ

27,000 ರೂಪಾಯಿಯ ಗಂಟು ಬಿಚ್ಚಲು ಒಂದು ನೇರ ದಾರಿ ಇದೆ. ಇನ್‌ಸ್ಪೆಕ್ಷನ್ನಿನ ಆರ್ಡರನ್ನು ಜರ್ಮನ್ ಕಂಪನಿ ಕೊಡುವ ಬದಲು ಫೌಂಡ್ರಿ ಕೊಡಲಿ. ಆಗ ವರ್ಕ್‌ಶಾಪು ಫೌಂಡ್ರಿಗೆ 1,50,000 ಮತ್ತು 27,000 ಜಿಎಸ್‌ಟಿ ಸೇರಿಸಿ ಬಿಲ್ಲು ಮಾಡುತ್ತದೆ. ಫೌಂಡ್ರಿ ಆ 27,000ಕ್ಕೆ ಇನ್‌ಪುಟ್ ಕ್ರೆಡಿಟ್ ಪಡೆಯುತ್ತದೆ, 1,50,000 ರೂಪಾಯಿಯನ್ನು ಕಾಸ್ಟಿಂಗ್ ಬೆಲೆಯಲ್ಲಿ ಸೇರಿಸುತ್ತದೆ. ಕಾಸ್ಟಿಂಗ್ ರಫ್ತು ಶೂನ್ಯ ದರದ್ದಾದ್ದರಿಂದ ಉಳಿದ ಕ್ರೆಡಿಟ್ಟನ್ನು ರೀಫಂಡ್ ಕೇಳಬಹುದು. ತೆರಿಗೆ ಯಾರಿಗೂ ಖರ್ಚಾಗಿ ಉಳಿಯುವುದಿಲ್ಲ.

ಇದು ಕಾಗದದ ಆಟವಾಗಬಾರದು. ಹೊಣೆ, ಹಣ, ರಿಪೋರ್ಟ್ ಎಲ್ಲವೂ ನಿಜವಾಗಿ ಫೌಂಡ್ರಿಯ ಮೂಲಕವೇ ನಡೆಯಬೇಕು. ಎಲ್ಲ ಖರೀದಿದಾರರೂ ಇದಕ್ಕೆ ಒಪ್ಪುವುದಿಲ್ಲ. ಮಾಲು ಮಾಡಿದವರಿಂದಲೇ ಹಣ ಪಡೆದು ಆ ಮಾಲನ್ನು ಅಳೆಯುವವರನ್ನು ಅವರು ನಂಬದಿರಬಹುದು, ಆ ಸಂಶಯ ನ್ಯಾಯವಾದದ್ದೇ. ಒಪ್ಪದಿದ್ದರೆ ಕೊಟೇಶನ್ನಿನಲ್ಲೇ "1,500 ಯುರೋ, ಭಾರತದ ಜಿಎಸ್‌ಟಿ 18 ಪ್ರತಿಶತ ಪ್ರತ್ಯೇಕ" ಎಂದು ಬರೆಯಿರಿ. ಕೆಲಸ ಶುರುವಾಗುವ ಮುಂಚೆ ಕೇಳಿದರೆ ಗಿರಾಕಿ ಚೌಕಾಸಿ ಮಾಡಿಯಾದರೂ ಕೊಡುತ್ತಾರೆ, ಆಮೇಲೆ ಕೇಳಿದರೆ ಕೊಡುವುದಿಲ್ಲ.

ಹೆಜ್ಜೆ 8: ರಫ್ತಾದವನ್ನು ರಫ್ತೆಂದು ದಾಖಲಿಸಿ

ಸ್ಥಳ ಹೊರದೇಶ ಎಂದಾದ ಮಾತ್ರಕ್ಕೆ ಸೇವೆ ರಫ್ತಾಗುವುದಿಲ್ಲ. ಕಲಂ 2(6)ರಲ್ಲಿ ಐದು ಷರತ್ತುಗಳಿವೆ. ಕೊಡುವವರು ಭಾರತದಲ್ಲಿರಬೇಕು, ಪಡೆಯುವವರು ಹೊರಗಿರಬೇಕು, ಸ್ಥಳ ಹೊರಗಿರಬೇಕು, ಹಣ ವಿದೇಶಿ ವಿನಿಮಯದಲ್ಲಿ ಅಥವಾ ರಿಸರ್ವ್ ಬ್ಯಾಂಕ್ ಒಪ್ಪಿದ ಕಡೆ ರೂಪಾಯಿಯಲ್ಲಿ ಬರಬೇಕು, ಇಬ್ಬರೂ ಒಂದೇ ಸಂಸ್ಥೆಯ ಎರಡು ಶಾಖೆಗಳಾಗಿರಬಾರದು. ಮೊದಲ ಮತ್ತು ಮೂರನೆಯ ಬಿಲ್ಲು ಐದನ್ನೂ ಪೂರೈಸಿದವು.

ತೆರಿಗೆ ಕಟ್ಟದೆ ರಫ್ತು ಮಾಡಲು ಎಲ್‌ಯುಟಿ, ಅಂದರೆ ಇಲಾಖೆಗೆ ಕೊಡುವ ಮುಚ್ಚಳಿಕೆ ಪತ್ರ, ಬೇಕು. ಪೋರ್ಟಲ್ಲಿನಲ್ಲಿ `RFD-11` ಅರ್ಜಿ, ಪ್ರತಿ ಆರ್ಥಿಕ ವರ್ಷಕ್ಕೂ ಹೊಸದು. ಏಪ್ರಿಲ್ ಮೊದಲ ವಾರದಲ್ಲೇ ಹಾಕಿಬಿಡಿ. ಬಿಲ್ಲಿನಲ್ಲಿ ಎಲ್‌ಯುಟಿ ಅಡಿಯಲ್ಲಿ ತೆರಿಗೆ ಕಟ್ಟದೆ ಮಾಡಿದ ರಫ್ತು ಎಂದು ಬರೆದು, ಜಿಎಸ್‌ಟಿಆರ್-1ರ `6A` ಕೋಷ್ಟಕದಲ್ಲಿ `WOPAY` ಆಯ್ಕೆಯಲ್ಲಿ ತೋರಿಸಿ. ಸೇವೆಗೆ ಶಿಪ್ಪಿಂಗ್ ಬಿಲ್ ನಂಬರ್ ಬೇಕಿಲ್ಲ, ಆ ಕಾಲಂ ಖಾಲಿ ಬಿಡಿ. ಎರಡನೆಯ ಬಿಲ್ಲು ಈ ಕೋಷ್ಟಕಕ್ಕೆ ಬರಕೂಡದು.

ಯುರೋವನ್ನು ರೂಪಾಯಿಗೆ ತಿರುಗಿಸುವಾಗ ಕಸ್ಟಮ್ಸ್ ದರ ಹಾಕುವವರಿದ್ದಾರೆ, ಅದು ಸರಕಿಗೆ. ಸೇವೆಗೆ ಲೆಕ್ಕಪತ್ರದ ಸಾಮಾನ್ಯ ತತ್ವಗಳಂತೆ, ತೆರಿಗೆ ಹೊಣೆ ಹುಟ್ಟಿದ ದಿನದ ದರ.

ಹಣ ಬಂದಾಗ ಬ್ಯಾಂಕಿನಿಂದ ವಿದೇಶಿ ಹಣ ಬಂದ ದಾಖಲೆ ಕೇಳಿ ಪಡೆಯಿರಿ. ಗಿರಾಕಿ ಮೂರೂ ಬಿಲ್ಲಿನ 8,000 ಯುರೋವನ್ನು ಒಟ್ಟಿಗೆ ಕಳಿಸಿದ್ದರಿಂದ ನಮ್ಮ ಮಾಲೀಕರಿಗೆ ಇಲ್ಲೊಂದು ಕೆಲಸ ಉಳಿಯಿತು. ಯಾವ ಬಿಲ್ಲಿಗೆ ಎಷ್ಟು ಎಂದು ಗಿರಾಕಿಯಿಂದ ಮೇಲ್ ತರಿಸಿ, ಬ್ಯಾಂಕಿನ ದಾಖಲೆಗೆ ಲಗತ್ತಿಸಿದೆವು. 4,000 ಮತ್ತು 2,500 ರಫ್ತಿನ ಫೈಲಿಗೆ ಹೋದವು. 1,500ರ ಬಿಲ್ಲಿಗೆ ಡೆಬಿಟ್ ನೋಟ್ ಮಾಡಿ 270 ಯುರೋ ಹೆಚ್ಚಿಗೆ ಕೇಳಿದೆವು. ಗಿರಾಕಿ ಆ ಸಲಕ್ಕೆ ಅರ್ಧ ಕೊಟ್ಟರು, ಮುಂದಿನ ಲಾಟಿನಿಂದ ಇನ್‌ಸ್ಪೆಕ್ಷನ್ ಆರ್ಡರ್ ಫೌಂಡ್ರಿಯಿಂದಲೇ ಬರುವಂತೆ ಬದಲಿಸಿದರು.